ಸಹಾಯ ಬೇಕು: ಮುಷ್ಕರ ಮತದಾನದ ಠರಾವು ಬರೆಯೋದು ಹೆಂಗ್ರಿ?

ನಮಸ್ಕಾರ್ರಿ. ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ನೌಕರರ ಸಂಘದ ನಡಾವಳಿ ಬರೆಯಬೇಕಾಗಿದೆ. ಹಂಚಿದ ಮತಪತ್ರ 338, ಪೆಟ್ಟಿಗೆಯಲ್ಲಿ ಸಿಕ್ಕಿದ್ದು 336. ಮುಷ್ಕರದ ಪರ 221, ವಿರೋಧ 104, ಅಸಿಂಧು 11. ಅಸಿಂಧುವಿನಲ್ಲಿ ಹೆಚ್ಚಿನವು ಎರಡೂ ಚೌಕಕ್ಕೆ ಗುರುತು ಹಾಕಿದವು.

ಬೈಲಾದಲ್ಲಿ ‘ಚಲಾಯಿಸಿದ ಮತಗಳ ಮೂರನೇ ಎರಡರಷ್ಟು’ ಅಂತ ಮಾತ್ರ ಇದೆ. 336ರ ಮೇಲೆ ಲೆಕ್ಕ ಹಾಕಿದರೆ 224 ಬೇಕು, ಠರಾವು ಬಿದ್ದುಹೋಗುತ್ತದೆ. ಸಿಂಧು ಮತ 325ರ ಮೇಲೆ ಹಾಕಿದರೆ 217 ಸಾಕು, ಪಾಸಾಗುತ್ತದೆ. ಯಾವುದು ಸರಿ?

‘ಬಹುಮತದಿಂದ ಅಂಗೀಕಾರ’ ಅಂತ ಒಂದೇ ಸಾಲು ಬರೆದರೆ ಆಡಳಿತದವರು ತಕರಾರು ತೆಗೆಯೋದು ಖಂಡಿತ. ಅದಕ್ಕೇ ಎಲ್ಲ ಅಂಕಿ, ವಾಪಸ್ ಬಾರದ ಎರಡು ಮತಪತ್ರ, ಎಣಿಕೆದಾರರ ಸಹಿ ಎಲ್ಲವನ್ನೂ ದಾಖಲಿಸುತ್ತೇವೆ. ಅಸಿಂಧು ಮತ ಬಿಟ್ಟು ಎಣಿಸಿದ್ದನ್ನು ಠರಾವಿನಲ್ಲಿ ಯಾವ ಮಾತಿನಲ್ಲಿ ಬರೀಬೇಕು? ಬರೆದು ಅನುಭವ ಇದ್ದವರು ಆ ಸಾಲು ಕಳಿಸ್ರಿ. ನೋಟಿಸು ಕೊಟ್ಟ ಮೇಲೂ 14 ದಿನ ಕಾಯಬೇಕು, ಹಂಗಾಗಿ ಲಗೂನ ಬೇಕಾಗಿದೆ.