ಪದ ಬೇಕಿದೆ: ಟಿಸಿ ಪ್ಲೇಟಿನ ಮೇಲಿನ ‘ಪರ್ಸೆಂಟ್ ಇಂಪೀಡೆನ್ಸ್’ (ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾನೆ)

ಸವಿತಾ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆಯ ಒಂದು ರೈಸ್ ಮಿಲ್ಲಿನವರು ಪ್ಯಾನೆಲ್ ರೂಮಿನ ಬಾಗಿಲಿಗೆ ಕನ್ನಡದಲ್ಲಿ ಬೋರ್ಡು ಬರೆಸುತ್ತಿದ್ದಾರೆ. ಇಷ್ಟು ದಿನ 250 ಕೆವಿಎ ಟಿಸಿ ಇತ್ತು, ಹೋದ ವಾರ ಅದನ್ನು ಇಳಿಸಿ 500ರದು ಕೂರಿಸಿದ್ದಾರೆ. ಇಂಗ್ಲಿಷಿನಲ್ಲಿ ಕೊಟ್ಟಿರುವುದು ಮೂರೇ ಸಾಲು: ಪರ್ಸೆಂಟ್ ಇಂಪೀಡೆನ್ಸ್ 4.5, ಪ್ರಾಸ್ಪೆಕ್ಟಿವ್ ಫಾಲ್ಟ್ ಕರೆಂಟ್ 14.8 ಕಿಲೋ ಆಂಪಿಯರ್. ಇದಕ್ಕಿಂತ ಕಡಿಮೆ ಬ್ರೇಕಿಂಗ್ ಕೆಪ್ಯಾಸಿಟಿಯ ಬ್ರೇಕರ್ ಹಾಕಕೂಡದು.

ನಾನು ಮೊದಲೆರಡು ಸಾಲನ್ನು ‘ಶೇಕಡಾ 4.5 ವಿದ್ಯುತ್ ನಷ್ಟ. ನಿರೀಕ್ಷಿತ ದೋಷ ಪ್ರವಾಹ 14.8’ ಎಂದು ಮಾಡಿದೆ. ಮಿಲ್ಲಿನ ಎಲೆಕ್ಟ್ರಿಷಿಯನ್ ಓದಿ ನಕ್ಕುಬಿಟ್ಟ. ಯಾಕೆ ಅಂತ ಕೇಳಿದರೆ ‘ಏನಿಲ್ಲ ಮೇಡಂ, ಬರೀರಿ’ ಅಂದ. ಆ ನಗುವಿನ ಮೇಲೆ ಪೇಂಟ್ ಬಳಿಸಲು ಧೈರ್ಯ ಬರುತ್ತಿಲ್ಲ. ಇಂದು ರಾತ್ರಿಯೊಳಗೆ ಪದ ಬೇಕು.

ರಂಗಸ್ವಾಮಿ, ಮೈಸೂರು

ಸವಿತಾ ಅವರೇ, ಉತ್ತರ ಒಂದೇ ಪದ: ತೊಡರು. ಇಂಪೀಡೆನ್ಸ್ ಎಂಬ ಮಾತನ್ನು 1886ರಲ್ಲಿ ಚಲಾವಣೆಗೆ ತಂದವನು ಆಲಿವರ್ ಹೆವಿಸೈಡ್. ಅದರ ಬೇರು ಲ್ಯಾಟಿನ್ನಿನಲ್ಲಿ ‘ಪಾದ’. ಕಾಲಿಗೆ ಏನೋ ಸಿಕ್ಕಿಸಿ ನಡೆಯದಂತೆ ಮಾಡುವುದು ಮೂಲಾರ್ಥ. ನಮ್ಮ ತೊಡರಿಗೂ ಅದೇ ಜಾತಕ. ಕಾಲಿಗೆ ಬಿದ್ದ ಸಂಕಲೆಯೂ ತೊಡರು, ಬಳ್ಳಿ ಕಾಲಿಗೆ ಸುತ್ತಿ ಮುಗ್ಗರಿಸುವುದೂ ತೊಡರುವುದೇ. ಎರಡು ನುಡಿ ಒಂದೇ ಚಿತ್ರ ಕಂಡಿರುವಾಗ ಪ್ರತಿಬಾಧೆ, ಪ್ರತಿರೋಧ ಎಂದು ಸಂಸ್ಕೃತದ ಮೊರೆ ಹೋಗುವುದು ಸೋಮಾರಿತನ. ‘ನೂರ್ಪಾಲು ತೊಡರು 4.5’ ಎಂದು ಬರೆಸಿ.

ನಾಗರಾಜರಾವ್, ನಿವೃತ್ತ, ಟ್ರಾನ್ಸ್‌ಫಾರ್ಮರ್ ಟೆಸ್ಟಿಂಗ್

ಪದ ಆಮೇಲೆ. ಮೊದಲು ‘ನಷ್ಟ’ ಅಳಿಸಿ. ಅದು ಸುಳ್ಳು.

ಈ ಸಂಖ್ಯೆ ಎಲ್ಲಿಂದ ಬರುತ್ತದೆ ಗೊತ್ತೆ? ಟೆಸ್ಟ್ ಬೆಂಚಿನ ಮೇಲೆ ಸೆಕೆಂಡರಿಯ ಮೂರು ಫೇಸನ್ನೂ ದಪ್ಪ ತಾಮ್ರದ ಪಟ್ಟಿಯಿಂದ ಬಿಗಿದು ಶಾರ್ಟ್ ಮಾಡುತ್ತೇವೆ. 11,000 ಓಲ್ಟಿನ ಕಡೆಗೆ ಸೊನ್ನೆಯಿಂದ ಓಲ್ಟೇಜ್ ಏರಿಸುತ್ತಾ ಹೋಗುತ್ತೇವೆ. ಫುಲ್ ಲೋಡ್ ಕರೆಂಟು ಹರಿಯಲು ಶುರುವಾದ ಕೂಡಲೇ ನಿಲ್ಲಿಸಿ ಮೀಟರ್ ಓದುತ್ತೇವೆ. 495 ಓಲ್ಟ್ ಬಂತು ಅನ್ನಿ. 11,000ಕ್ಕೆ 495 ಅಂದರೆ ನೂರಕ್ಕೆ 4.5. ಪ್ಲೇಟಿಗೆ ಹೋಗುವುದು ಅದೇ.

ಈಗ ಅದನ್ನೇ ತಿರುಗಿಸಿ. ಶಾರ್ಟ್ ಆದಾಗ 495 ಓಲ್ಟಿಗೇ ಫುಲ್ ಲೋಡ್ ಕರೆಂಟು ಹರಿಯುವುದಾದರೆ, ಪೂರ್ತಿ 11,000 ಓಲ್ಟ್ ಹಿಂದೆ ನಿಂತಿರುವಾಗ ಎಷ್ಟು ಪಟ್ಟು? 100 ಭಾಗಿಸು 4.5, ಸುಮಾರು 22 ಪಟ್ಟು. 500 ಕೆವಿಎಗೆ 433 ಓಲ್ಟಿನ ಕಡೆ ಫುಲ್ ಲೋಡ್ 667 ಆಂಪಿಯರ್. ಅದರ 22.2 ಪಟ್ಟು 14,800. ನಿಮ್ಮ ಬೋರ್ಡಿನ 14.8 ಬಂದದ್ದು ಹೀಗೆ.

```
500000 / (1.732 x 433) = 667 A
667 x 100 / 4.5        = 14800 A
```

ಹಳೆಯ 250ರದಕ್ಕೂ 4.5 ಇದ್ದಿದ್ದರೆ ಇದರ ಅರ್ಧ, 7,400. ಆ ಕಾಲಕ್ಕೆ 10 ಕಿಲೋ ಆಂಪಿಯರ್ ಮುರಿಯಬಲ್ಲ ಬ್ರೇಕರ್ ಸಾಕಿತ್ತು. ಇಂದು ಅದೇ ಬ್ರೇಕರ್ ಬಾಂಬು. ಶಾರ್ಟ್ ಆದಾಗ ಅದು ಟ್ರಿಪ್ ಆಗಲು ನೋಡುತ್ತದೆ, ಕಾಂಟ್ಯಾಕ್ಟ್ ಬಿಡುತ್ತದೆ, ಆದರೆ ನಡುವೆ ಎದ್ದ ಆರ್ಕನ್ನು ಆರಿಸಲಾಗದೆ ಡಬ್ಬಿಯೇ ಒಡೆಯುತ್ತದೆ. ಟಿಸಿ ಬದಲಿಸುವಾಗ ಎಲ್ಲರೂ ಬ್ರೇಕರಿನ ಆಂಪಿಯರ್ ನೋಡುತ್ತಾರೆ. ಅದರ ಮೈಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಕಿಲೋ ಆಂಪಿಯರ್ ಯಾರೂ ನೋಡುವುದಿಲ್ಲ. ಎಲೆಕ್ಟ್ರಿಷಿಯನ್ ನಕ್ಕದ್ದು ನಿಮ್ಮ ಕನ್ನಡಕ್ಕಲ್ಲ.

ಪುಟ್ಟಸ್ವಾಮಿ, ಪಾಂಡವಪುರ ತಾಲ್ಲೂಕು

ಸಾರ್, ನಮ್ಮ ತೋಟದ ಪಂಪ್‌ಸೆಟ್ಟಿಗೂ ಇದೇ ಕತೆಯಾ? ಟಿಸಿ ಊರ ಆ ತುದೀಲಿ ಅದೆ, ನಮ್ದು ಈ ತುದಿ. ಹೋದ ಮಳೆಗಾಲ ತಂತಿ ತುಂಡಾಗಿ ಬಿತ್ತು, ಫ್ಯೂಸೇ ಹೋಗ್ಲಿಲ್ಲ. ಎಮ್ಮೆ ಕಳ್ಕಂಡೊ. ಟಿಸಿ ಇಂಪೀಡೆನ್ಸ್ ಜಾಸ್ತಿ ಇತ್ತು ಅಂತಾನಾ? ಬೋರ್ಡಿನ ವಿಷ್ಯ ನಂಗೆ ತಿಳೀದು.

ನಾಗರಾಜರಾವ್

ಅಲ್ಲ ಪುಟ್ಟಸ್ವಾಮಿಯವರೇ, ನಿಮ್ಮದು ಬೇರೆ ಕಾಯಿಲೆ. 22 ಪಟ್ಟಿನ ಲೆಕ್ಕ ಟಿಸಿಯ ಕಾಲ ಬುಡಕ್ಕೆ ಮಾತ್ರ. ಅಲ್ಲಿಂದ ದೂರ ಹೋದಷ್ಟೂ ತಂತಿಯೇ ಕರೆಂಟನ್ನು ತಡೆಯುತ್ತದೆ. ಅದರ ಮೇಲೆ ತುಂಡಾದ ತಂತಿ ಒಣ ನೆಲಕ್ಕೆ ಬಿದ್ದರೆ ಮಣ್ಣೂ ತಡೆಯುತ್ತದೆ. ಫ್ಯೂಸ್ ಸುಡುವಷ್ಟು ಕರೆಂಟು ಬರುವುದೇ ಇಲ್ಲ. ಮಿಲ್ಲಿನವರಿಗೆ ಕರೆಂಟು ಹೆಚ್ಚಾದದ್ದು ಅಪಾಯ, ನಿಮಗೆ ಕಡಿಮೆಯಾದದ್ದು. ಎಮ್ಮೆ ಹೋದದ್ದು ಕೇಳಿ ಬೇಜಾರಾಯಿತು.

ಕಿರಣ್, ಮೈಸೂರು

ನಾನೂ ಎಲೆಕ್ಟ್ರಿಕಲ್ಲೇ ಓದಿದ್ದು. ರಾಯರ ಲೆಕ್ಕ ಸರಿ, ಆದರೆ 14.8 ಅತಿ ಕೆಟ್ಟ ಪರಿಸ್ಥಿತಿಯ ಲೆಕ್ಕ. ಹಿಂದಿನ 11 ಕೆವಿ ಲೈನಿಗೆ ತಡೆಯೇ ಇಲ್ಲ ಅಂದುಕೊಂಡರೆ ಮಾತ್ರ ಅಷ್ಟು ಬರುತ್ತದೆ. ಆ ಜಾಗದಲ್ಲಿ ಫಾಲ್ಟ್ ಲೆವೆಲ್ 100 ಎಂವಿಎ ಅನ್ನಿ. 500 ಕೆವಿಎಯ ಲೆಕ್ಕದಲ್ಲಿ ಅದು ನೂರಕ್ಕೆ 0.5. ಅದನ್ನೂ ಕೂಡಿಸಿದರೆ 5, ಕರೆಂಟು 13.3ಕ್ಕೆ ಇಳಿಯುತ್ತದೆ. 16ರ ಬ್ರೇಕರ್ ಹಾಕಿ ನೆಮ್ಮದಿಯಾಗಿ ಮಲಗಬಹುದು. ಇನ್ನೂ ನೆಮ್ಮದಿ ಬೇಕಿದ್ದರೆ ಮುಂದಿನ ಸಲ 8 ಪರ್ಸೆಂಟಿನ ಟಿಸಿ ತರಿಸಲಿ. ಇಂಪೀಡೆನ್ಸ್ ಹೆಚ್ಚಿದ್ದಷ್ಟೂ ಒಳ್ಳೆಯದು.

ಪದಕ್ಕೆ ಬಂದರೆ, ‘ಇಂಪೀಡೆನ್ಸ್’ ಅಂತಲೇ ಕನ್ನಡ ಲಿಪಿಯಲ್ಲಿ ಬರೀರಿ. ತೊಡರು ಅಂದರೆ ನಮ್ಮ ಕಾಲೇಜಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ನಾಗರಾಜರಾವ್

ಕಿರಣ್, ಲೈನಿನ ತಡೆ ಕೂಡಿಸಿದ್ದು ಸರಿ. ‘ಅತಿ ಕೆಟ್ಟ ಪರಿಸ್ಥಿತಿ’ ಅಂದದ್ದು ತಪ್ಪು. ಇಂಪೀಡೆನ್ಸಿಗೆ ಹತ್ತರಲ್ಲೊಂದು ಪಾಲು ಹೆಚ್ಚುಕಡಿಮೆ ಇರಲು ಸ್ಟ್ಯಾಂಡರ್ಡೇ ಬಿಟ್ಟಿದೆ. 4.5 ಅಂತ ಆರ್ಡರ್ ಕೊಟ್ಟವನಿಗೆ 4.05ರದು ಬಂದರೆ ವಾಪಸ್ ಕಳಿಸುವಂತಿಲ್ಲ. 4.05ಕ್ಕೆ ಲೆಕ್ಕ ಹಾಕಿ: 16.5 ಕಿಲೋ ಆಂಪಿಯರ್. ನಿಮ್ಮ 16ರ ಬ್ರೇಕರ್ ಎಲ್ಲಿ ಉಳಿಯಿತು? ಜೊತೆಗೆ ಮಿಲ್ಲಿನಲ್ಲಿ ಓಡುತ್ತಿರುವ ಮೋಟಾರುಗಳು ಶಾರ್ಟ್ ಆದ ಮೊದಲ ಕೆಲವು ಸೈಕಲ್ ತಾವೇ ಜನರೇಟರ್ ಆಗಿ ಹಿಂದಕ್ಕೆ ಕರೆಂಟು ತಳ್ಳುತ್ತವೆ. 25 ಹಾಕಿಸಿ. ಸವಿತಾ ಅವರೇ, ಪ್ಲೇಟಿನ ಮೇಲೆ ಸರಿಯಾಗಿ 4.5 ಅಂತ ದುಂಡಗೆ ಇದ್ದರೆ ಅದು ಆರ್ಡರಿನ ಸಂಖ್ಯೆಯೇ ಇರಬಹುದು. ಟೆಸ್ಟ್ ರಿಪೋರ್ಟಿನಲ್ಲಿ ಅಳೆದದ್ದು ಎಷ್ಟು ಅಂತ ಕೇಳಿ.

8 ಪರ್ಸೆಂಟಿನ ಟಿಸಿ ತಂದರೆ ಫಾಲ್ಟ್ ಕಡಿಮೆಯಾಗುತ್ತದೆ, ನಿಜ. ದೊಡ್ಡ ಮೋಟಾರ್ ಸ್ಟಾರ್ಟ್ ಮಾಡಿದಾಗಲೆಲ್ಲ ಮಿಲ್ಲಿನ ಲೈಟು ಕಣ್ಣು ಮುಚ್ಚುತ್ತದೆ, ಅದೂ ನಿಜ. ಫಾಲ್ಟ್ ಕರೆಂಟನ್ನು ತಡೆಯುವುದೇ ಮೋಟಾರಿನ ಕರೆಂಟನ್ನೂ ತಡೆಯುತ್ತದೆ, ಅದಕ್ಕೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ರಂಗಸ್ವಾಮಿ

ಲೆಕ್ಕವೆಲ್ಲ ಆಯಿತು, ಇನ್ನು ನುಡಿಗೆ ಬರೋಣ. ರಾಯರೇ ಹತ್ತು ಸಲ ‘ತಡೆ’ ಅಂದಿದ್ದಾರೆ, ಗಮನಿಸಿ. ಬಾಯಿಗೆ ತಾನಾಗಿ ಬಂದದ್ದು ಕನ್ನಡವೇ. ಇನ್ನೊಂದು ಮಾತು: ‘ಶೇಕಡಾ’ ಕೂಡ ನಮ್ಮದಲ್ಲ, ಮರಾಠಿಯ ಮನೆಯಿಂದ ಬಂದದ್ದು. ‘ನೂರಕ್ಕೆ 4.5’ ಎಂದರೆ ಯಾರಿಗೆ ಅರ್ಥವಾಗುವುದಿಲ್ಲ?

ನಾಗರಾಜರಾವ್

ತಡೆ ಅಂದದ್ದು ಮಾತಿನ ಭರಕ್ಕೆ. ಬೋರ್ಡಿಗೆ ಬೇಡ. ತಡೆ ಅಂದರೆ ಜನ ರೆಸಿಸ್ಟೆನ್ಸ್ ಅಂದುಕೊಳ್ಳುತ್ತಾರೆ. ಈ 4.5ರಲ್ಲಿ ರೆಸಿಸ್ಟೆನ್ಸ್, ಅಂದರೆ ಬಿಸಿಯಾಗಿ ನಿಜವಾಗಿಯೂ ನಷ್ಟವಾಗುವ ಪಾಲು, ಇಷ್ಟು ದೊಡ್ಡ ಟಿಸಿಯಲ್ಲಿ ಸುಮಾರು 1. ಮಿಕ್ಕದ್ದು ಎರಡು ವೈಂಡಿಂಗಿನ ನಡುವಿನ ಸಂದಿಯಲ್ಲಿ ಸೋರುವ ಫ್ಲಕ್ಸಿನಿಂದ ಹುಟ್ಟುವ ರಿಯಾಕ್ಟೆನ್ಸ್, ಸುಮಾರು 4.4. ಒಂದೂ ನಾಲ್ಕೂವರೆಗೆ ಹತ್ತಿರದ್ದೂ ಕೂಡಿ ನಾಲ್ಕೂವರೆಯೇ ಹೇಗಾಯಿತು ಎಂದು ಕೇಳಬೇಡಿ, ಲಂಬಕೋನ ತ್ರಿಭುಜದ ಎರಡು ಬದಿ ಕೂಡುವ ಹಾಗೆ ಕೂಡುತ್ತವೆ. ಇಷ್ಟನ್ನೂ ‘ತೊಡರು’ ಹೊರುವುದಾದರೆ ಹೊರಲಿ, ನನ್ನ ತಕರಾರಿಲ್ಲ. ನನ್ನನ್ನು ಕೇಳಿದರೆ ಇದಕ್ಕೆ ಜರ್ಮನ್ನರ ಹೆಸರೇ ಚೆಂದ. ಅವರು ಇಂಪೀಡೆನ್ಸ್ ಅನ್ನದೆ ಶಾರ್ಟ್ ಸರ್ಕ್ಯೂಟ್ ಓಲ್ಟೇಜ್ ಎಂದೇ ಕರೆಯುತ್ತಾರೆ. ಬೆಂಚಿನ ಮೇಲೆ ನಾವು ಓದುವುದು ಅದನ್ನೇ ತಾನೆ.

ರಂಗಸ್ವಾಮಿ

ಜರ್ಮನ್ನರು ತಮ್ಮ ನುಡಿಯಲ್ಲಿ ಕರೆದರು ಎಂದು ಮೆಚ್ಚುತ್ತೀರಿ, ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯುತ್ತೀರಿ. ಸಾಕು.

ಕಿರಣ್

ರಂಗಸ್ವಾಮಿ ಸಾರ್, ‘ಟಿಸಿ’ ಎಂಬ ಎರಡಕ್ಷರಕ್ಕೆ ಪುಟ್ಟಸ್ವಾಮಿಯವರ ಊರಿನಲ್ಲಿ ಯಾರಾದರೂ ಅರ್ಥ ಕೇಳುತ್ತಾರಾ? ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಗಣಿಗೆ ಲೈನು ಎಳೆದ ಜಿಲ್ಲೆ ಇದು. ಲೈನು, ಕರೆಂಟು, ಫ್ಯೂಸು ಎಲ್ಲ ಅಜ್ಜಂದಿರ ಕಾಲದಲ್ಲೇ ಕನ್ನಡವಾಗಿ ಹೋದವು.

ಪುಟ್ಟಸ್ವಾಮಿ

‘ದೋಷ ಪ್ರವಾಹ’ ಅಂತ ಮಾತ್ರ ಬರೀಬೇಡಿ ತಾಯಿ. ಪ್ರವಾಹ ಅಂದ್ರೆ ಕೆಆರ್‌ಎಸ್ ಗೇಟ್ ಎತ್ತುದ್ರು ಅಂದ್ಕೊತರೆ ನಮ್ ಕಡೆ. ದೋಷ ಅಂದ್ರೆ ಶಾಂತಿ ಮಾಡಿಸ್ಬೇಕು ಅಂತರೆ.

ಸವಿತಾ

ಪೇಂಟರ್ ಬಂದು ಹೋದ. ಬರೆಸಿದ್ದು ಇದು:

‘ಟಿಸಿ 500 ಕೆವಿಎ. ಇಂಪೀಡೆನ್ಸ್ ನೂರಕ್ಕೆ 4.5. ಇಲ್ಲಿ ಶಾರ್ಟ್ ಆದರೆ 14,800 ಆಂಪಿಯರ್ ಬರಬಹುದು. 25 ಕಿಲೋ ಆಂಪಿಯರ್‌ಗಿಂತ ಕಡಿಮೆ ಮುರಿಯುವ ಬ್ರೇಕರ್ ಹಾಕಬಾರದು.’

‘ನಿರೀಕ್ಷಿತ’ ಬಿಟ್ಟೆ. ನೆಂಟರನ್ನು ಕಾಯುತ್ತಿರುವ ಹಾಗಿತ್ತು. ‘ನೂರಕ್ಕೆ’ ರಂಗಸ್ವಾಮಿಯವರದು, ಇಂಪೀಡೆನ್ಸ್ ಕಿರಣ್ ಅವರದು. ಎಲೆಕ್ಟ್ರಿಷಿಯನ್ ಈ ಸಲ ನಗಲಿಲ್ಲ. ಬೋರ್ಡು ಓದಿ ಒಳಗೆ ಹೋಗಿ ಬ್ಯಾಟರಿ ಬಿಟ್ಟು ನೋಡಿ ಬಂದ. ಮೇನ್ ಬ್ರೇಕರ್ ಹೊಸದು, 36 ಅಂತ ಇದೆಯಂತೆ. ಆದರೆ ಪಕ್ಕದ ಸಾಲಿನ ಆರು ಸಣ್ಣ ಬ್ರೇಕರ್ ಹಳೆಯವೇ, ಆರರ ಮೇಲೂ 10 ಅಂತ ಅಚ್ಚಿದೆ. ಮೇನ್ ದೊಡ್ಡದಿದ್ದರೆ ಇವು ಉಳಿಯುತ್ತವೆಯೇ ಎಂದು ಮಾಲೀಕರು ಕೇಳುತ್ತಿದ್ದಾರೆ. ರಾಯರೇ?

ನಾಗರಾಜರಾವ್

ಮೇನೂ ಸಣ್ಣವೂ ಒಂದೇ ಕಂಪನಿಯವಾಗಿದ್ದು, ಆ ಜೋಡಿಯನ್ನು ಪರೀಕ್ಷಿಸಿದ ಪಟ್ಟಿಯಲ್ಲಿ ಅವೆರಡರ ಹೆಸರೂ ಇದ್ದರೆ ಉಳಿಯಬಹುದು. ಇಲ್ಲದಿದ್ದರೆ ಇಲ್ಲ. ಕಂಪನಿ ಹೆಸರು ಇಲ್ಲಿ ಹಾಕಬೇಡಿ, ಆರರದೂ ಫೋಟೋ ನನಗೆ ಕಳಿಸಿ.

ಟೆಸ್ಟ್ ರಿಪೋರ್ಟ್ ಸಿಕ್ಕಿತೇ?