ಲ್ಯಾಬ್ ಕಟ್ಟಡದ ಡಿಸೈನ್ ಬೇಸಿಸ್ ಮೆಮೊ: ಏರ್ ಚೇಂಜ್ ಲೆಕ್ಕಕ್ಕೂ ಎಕ್ಸಾಸ್ಟ್ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ

ಹೊಸಡಕ್ಟ್:
ಎಲ್ಲರಿಗೂ ನಮಸ್ಕಾರ. ಹೊಸ ಕೆಮಿಸ್ಟ್ರಿ ಲ್ಯಾಬ್ ಕಟ್ಟಡವೊಂದರ ಮೆಕ್ಯಾನಿಕಲ್ ಮೆಮೊ ಬರೆಯುತ್ತಿದ್ದೇನೆ. ಒಂದೇ ತರಹದ 10 ಕೋಣೆಗಳಿವೆ. ಪ್ರತಿ ಕೋಣೆ 10 ಮೀ. ಉದ್ದ, 8 ಮೀ. ಅಗಲ, 3 ಮೀ. ಎತ್ತರ. ಒಂದೊಂದರಲ್ಲೂ ನಾಲ್ಕು ಫ್ಯೂಮ್ ಹುಡ್, ಎಲ್ಲವೂ ವಿಎವಿ, ಅಂದರೆ ಮುಂದಿನ ಗಾಜಿನ ಸ್ಯಾಶ್ ಎಷ್ಟು ತೆರೆದಿದೆಯೋ ಅದಕ್ಕೆ ತಕ್ಕಂತೆ ಗಾಳಿ ಎಳೆಯುವಂಥವು.

ಮೆಮೊದಲ್ಲಿ "ಲ್ಯಾಬ್‌ಗೆ ಗಂಟೆಗೆ 12 ಏರ್ ಚೇಂಜ್, ಪೂರ್ತಿ ಹೊರಗಾಳಿ" ಎಂದು ಬರೆದು, ಕೋಣೆಗೆ 2,880 ಘನ ಮೀ./ಗಂಟೆ ಸಪ್ಲೈ ಕೊಟ್ಟೆ. ಎಕ್ಸಾಸ್ಟ್ ಡಕ್ಟ್‌ನ ಸೈಜನ್ನು ಹುಡ್ ಲೆಕ್ಕದಲ್ಲಿ ಮಾಡಿದೆ: ಸ್ಯಾಶ್ ಅಗಲ 1.6 ಮೀ., ತೆರೆದ ಎತ್ತರ 0.45 ಮೀ., ಮುಖವೇಗ 0.5 ಮೀ./ಸೆ. ಒಂದು ಹುಡ್‌ಗೆ 1,296, ನಾಲ್ಕಕ್ಕೆ 5,184 ಬಂತು. ಪರಿಶೀಲನೆಗೆ ಕಳಿಸಿದ್ದು "ಆಧಾರ ಸ್ಪಷ್ಟವಿಲ್ಲ" ಎಂಬ ಒಂದೇ ಸಾಲಿನೊಂದಿಗೆ ವಾಪಸ್ ಬಂದಿದೆ. ಎಲ್ಲಿ ಎಡವಿದೆ?

ಕಾರಿಡಾರ್‌ಗಾಳಿ:
ಎಡವಿಲ್ಲ ಅನಿಸುತ್ತೆ. ಲ್ಯಾಬ್ ಯಾವಾಗಲೂ ಕಾರಿಡಾರ್‌ಗಿಂತ ನೆಗೆಟಿವ್ ಆಗಿರಬೇಕು ಅಲ್ವಾ? ಎಕ್ಸಾಸ್ಟ್ ಜಾಸ್ತಿ, ಸಪ್ಲೈ ಕಮ್ಮಿ, ಅದೇ ಸರಿ. ಉಳಿದ ಗಾಳಿ ಬಾಗಿಲ ಸಂದಿಯಿಂದ ಬರುತ್ತೆ. ಮೆಮೊದಲ್ಲಿ ಅದನ್ನೊಂದು ಸಾಲು ಬರೆದುಬಿಡಿ.

ಜೀವಕೋಶ:
ಇಷ್ಟೊಂದು ಎಕ್ಸಾಸ್ಟ್ ಯಾಕೆ ಬೇಕು? ನಮ್ಮ ಲ್ಯಾಬಿನಲ್ಲಿ ಕ್ಲಾಸ್ 2 ಟೈಪ್ ಎ2 ಕ್ಯಾಬಿನೆಟ್‌ಗಳಿವೆ. ಹೆಪಾ ಫಿಲ್ಟರ್ ದಾಟಿದ ಗಾಳಿ ಕೋಣೆಗೇ ವಾಪಸ್ ಬರುತ್ತೆ. ಡಕ್ಟೇ ಇಲ್ಲ, ವರ್ಷಗಳಿಂದ ಚೆನ್ನಾಗಿ ನಡೀತಿದೆ.

ಹಳೇಬ್ಲೋವರ್:
ಜೀವಕೋಶ ಅವರೇ, ನಿಮ್ಮದು ಬಯೋಸೇಫ್ಟಿ ಕ್ಯಾಬಿನೆಟ್. ಹೆಪಾ ಕಣಗಳನ್ನು ಹಿಡಿಯುತ್ತೆ, ದ್ರಾವಕದ ಆವಿ ಅದರೊಳಗಿಂದ ಸಲೀಸಾಗಿ ದಾಟಿಹೋಗುತ್ತೆ. ಇವರದು ಕೆಮಿಸ್ಟ್ರಿ. ಇಲ್ಲಿ ಆ ದಾರಿ ಇಲ್ಲ.

ಕಾರಿಡಾರ್‌ಗಾಳಿ ಅವರು ಹೇಳಿದ್ದರಲ್ಲಿ ಅರ್ಧ ಸರಿ. ನೆಗೆಟಿವ್ ಬೇಕು, ಆದರೆ ಎಷ್ಟು? ಇಲ್ಲಿ ಕೊರತೆ 2,304. ಮುಚ್ಚಿದ ಬಾಗಿಲು, ಪೈಪ್ ತೂರಿಸಿದ ಜಾಗ ಎಲ್ಲ ಸೇರಿ ಸಂದಿ 0.03 ಚ.ಮೀ. ಎಂದಿಟ್ಟುಕೊಳ್ಳಿ. 50 ಪ್ಯಾಸ್ಕಲ್ ಒತ್ತಡವಿದ್ದರೂ ಆ ಸಂದಿಯಲ್ಲಿ ನುಗ್ಗುವುದು ಸುಮಾರು 630 ಘನ ಮೀ./ಗಂಟೆ ಮಾತ್ರ. ಅಷ್ಟು ಒತ್ತಡದಲ್ಲಿ 1.9 ಚ.ಮೀ. ಬಾಗಿಲಿನ ಮೇಲೆ 95 ನ್ಯೂಟನ್ ಬೀಳುತ್ತೆ. ಬಾಗಿಲು ಒಳಗೆ ತೆರೆಯುವುದಾದರೆ ತನ್ನಷ್ಟಕ್ಕೆ ತೆರೆದುಕೊಳ್ಳುತ್ತೆ. ಹೊರಗೆ ತೆರೆಯುವುದಾದರೆ ಎರಡೂ ಕೈ ಹಾಕಿ ತಳ್ಳಬೇಕು. ಇಷ್ಟಾದರೂ ಉಳಿದ ಗಾಳಿ ಎಲ್ಲಿಂದಲೂ ಬರುವುದಿಲ್ಲ. ಹುಡ್‌ನ ಮುಖವೇಗವೇ ಬಿದ್ದುಹೋಗುತ್ತೆ. ಕೋಣೆಯ ಬಾಗಿಲು ತೆರೆದ ಕೂಡಲೇ ಹುಡ್ ಅಲಾರಂ ನಿಂತು, ಮುಚ್ಚಿದರೆ ಮತ್ತೆ ಕೂಗಿದರೆ ಕಾರಣ ಇದೇ.

ಅದೇ ಕೊರತೆಯನ್ನು 300ಕ್ಕೆ ಇಳಿಸಿ. ಅದೇ ಸಂದಿಯಲ್ಲಿ ಸುಮಾರು 11 ಪ್ಯಾಸ್ಕಲ್ ಬರುತ್ತೆ. ಕೋಣೆ ನೆಗೆಟಿವ್ ಆಗಿಯೇ ಇರುತ್ತೆ, ಬಾಗಿಲಿಗೂ ತೊಂದರೆಯಿಲ್ಲ.

ಈಗ ಮೂಲ ಪ್ರಶ್ನೆ. ಕೋಣೆಯ ಗಾಳಿಯನ್ನು ಮೂರು ಬೇಡಿಕೆಗಳು ಕೇಳುತ್ತವೆ: ಕನಿಷ್ಠ ವೆಂಟಿಲೇಶನ್, ಕೂಲಿಂಗ್, ಹುಡ್‌ಗಳು. ಮೂರರಲ್ಲಿ ಯಾವುದು ದೊಡ್ಡದೋ ಅದರಂತೆ ನಡೆಯುತ್ತೆ. ನೀವು ಒಂದನ್ನು ಸಪ್ಲೈಗೆ, ಇನ್ನೊಂದನ್ನು ಎಕ್ಸಾಸ್ಟ್‌ಗೆ ಹಿಡಿದಿದ್ದೀರಿ. ಕೂಲಿಂಗ್ ಲೆಕ್ಕ ಮೆಮೊದಲ್ಲಿ ಇದೆಯಾ?

ಹೊಸಡಕ್ಟ್:
ಇದೆ ಸರ್, ಬೇರೆ ಹಾಳೆಯಲ್ಲಿ. ಉಪಕರಣ ಚ.ಮೀ.ಗೆ 80 ವ್ಯಾಟ್, ದೀಪ 10 ವ್ಯಾಟ್, ಎಂಟು ಜನ. ಎಲ್ಲ ಸೇರಿ ಕೋಣೆಗೆ 7.8 ಕಿಲೋವ್ಯಾಟ್. ಕೋಣೆ 24 ಡಿಗ್ರಿ, ಸಪ್ಲೈ 13 ಡಿಗ್ರಿ.

ಹಳೇಬ್ಲೋವರ್:
11 ಡಿಗ್ರಿ ವ್ಯತ್ಯಾಸಕ್ಕೆ ಅದು ಸುಮಾರು 2,120 ಘನ ಮೀ./ಗಂಟೆ. ಸ್ಯಾಶ್‌ಗಳು ತೆರೆದಿದ್ದಾಗ ಹುಡ್‌ಗಳೇ ದೊಡ್ಡವು: ಎಕ್ಸಾಸ್ಟ್ 5,184, ಸಪ್ಲೈ 4,884. ಏರ್ ಚೇಂಜ್ ಲೆಕ್ಕದಲ್ಲಿ 20ಕ್ಕೂ ಮೇಲೆ ಹೋಯಿತು ನೋಡಿ. 12 ಎಂಬ ಅಂಕಿಗೆ ಅಲ್ಲಿ ಕೆಲಸವೇ ಇಲ್ಲ.

ಸ್ಯಾಶ್ ಮುಚ್ಚಿದಾಗ ಕಥೆ ಬೇರೆ. 12ನ್ನೇ ಕನಿಷ್ಠ ಎಂದು ಉಳಿಸಿಕೊಂಡರೆ ಅಲ್ಲಿ 2,880 ದೊಡ್ಡದಾಗುತ್ತೆ. ಕನಿಷ್ಠ ವೆಂಟಿಲೇಶನ್ ಕೂಲಿಂಗ್‌ನ 2,120ಕ್ಕಿಂತ ಕಮ್ಮಿ ಎಂದಿಟ್ಟುಕೊಂಡು ಮುಂದಿನ ಲೆಕ್ಕ ಹಾಕುತ್ತೇನೆ. ಮುಚ್ಚಿದ ಹುಡ್ ಕೂಡ ಒಂದಿಷ್ಟು ಎಳೆಯಲೇಬೇಕು, ಒಳಗಿನ ಆವಿ ಕೂಡಿಕೊಳ್ಳಬಾರದು. ನಿಮ್ಮ ಸೈಜಿಗೆ 280 ಎಂದಿಟ್ಟುಕೊಳ್ಳೋಣ. ನಾಲ್ಕಕ್ಕೆ 1,120. ಆದರೆ ಕೂಲಿಂಗ್‌ಗೆ 2,120 ಒಳಗೆ ಬರಲೇಬೇಕು. ಆ ಗಾಳಿ ಹೊರಗೆ ಹೋಗಲು ದಾರಿ ಬೇಡವೇ? ಸೀಲಿಂಗ್‌ನಲ್ಲಿ ಜನರಲ್ ಎಕ್ಸಾಸ್ಟ್ ಗ್ರಿಲ್, ಅದಕ್ಕೊಂದು ವಾಲ್ವ್, ಸುಮಾರು 1,300ಕ್ಕೆ. ನಿಮ್ಮ ಮೆಮೊದಲ್ಲಿ ಇದು ಇಲ್ಲದಿದ್ದರೆ, ಎಲ್ಲರೂ ಸ್ಯಾಶ್ ಮುಚ್ಚಿ ಊಟಕ್ಕೆ ಹೋದಾಗ ಕೋಣೆ ಪಾಸಿಟಿವ್ ಆಗಿ ವಾಸನೆ ಕಾರಿಡಾರ್‌ಗೆ ಬರುತ್ತೆ. ಕಂಟ್ರೋಲ್ ಸಪ್ಲೈಯನ್ನು ಇಳಿಸಿದರೆ ವಾಸನೆ ಬರಲ್ಲ, ಆದರೆ ಕೋಣೆ ಬಿಸಿಯಾಗುತ್ತೆ.

ಇನ್ನು ಬರೆಯುವ ರೀತಿ. ಮಾನದಂಡವನ್ನೂ ಊಹೆಯನ್ನೂ ಒಂದೇ ಸಾಲಿನಲ್ಲಿ ಬೆರೆಸಬೇಡಿ. "ಸ್ಯಾಶ್ 45 ಸೆಂ.ಮೀ. ಇದ್ದಾಗ ಸರಾಸರಿ ಮುಖವೇಗ 0.5 ಮೀ./ಸೆ." ಎಂಬುದು ಮಾನದಂಡ, ಅಳೆದು ನೋಡಬಹುದು. "ಕೆಲಸದ ವೇಳೆ ಯಾರೂ ಸ್ಯಾಶನ್ನು 45 ಸೆಂ.ಮೀ.ಗಿಂತ ಮೇಲೆ ಎತ್ತುವುದಿಲ್ಲ" ಎಂಬುದು ಊಹೆ. ಅದನ್ನು ಲ್ಯಾಬ್ ಬಳಸುವವರು ಓದಿ ಸಹಿ ಹಾಕಬೇಕು. ಯಾಕೆಂದರೆ ಅದೇ ವಾಲ್ವ್ ಗರಿಷ್ಠದಲ್ಲಿ ಸ್ಯಾಶ್ 70 ಸೆಂ.ಮೀ.ಗೆ ಎತ್ತಿದರೆ ಮುಖವೇಗ 0.32ಕ್ಕೆ ಇಳಿಯುತ್ತೆ.

ಫ್ಯಾನ್‌ರೂಮ್:
ಒಂದು ಮಾತು. 40 ಹುಡ್‌ಗೂ ಪೂರ್ತಿ ಲೆಕ್ಕ ಹಾಕಿದರೆ 51,840 ಆಗುತ್ತೆ. ಅಷ್ಟು ದೊಡ್ಡ ಫ್ಯಾನ್ ಸುಮ್ನೆ ದಂಡ. ಎಲ್ಲ ಹುಡ್ ಒಟ್ಟಿಗೆ ತೆರೆದಿರಲ್ಲ, 70% ಮಾತ್ರ ತೆರೆದಿರುತ್ತೆ ಅಂತ ಡೈವರ್ಸಿಟಿ ಹಾಕಿ, 36,288 ಸಾಕು. ನಾನು ಹಾಗೇ ಮಾಡೋದು. ಹೊರಗಾಳಿ ತಂಪು ಮಾಡೋ ಖರ್ಚು ಕೋಣೆಯ ಲೋಡ್‌ಗಿಂತ ಎಷ್ಟೋ ಪಾಲು ಹೆಚ್ಚು.

ಹಳೇಬ್ಲೋವರ್:
ಕೊನೆಯ ಮಾತು ಪೂರ್ತಿ ಒಪ್ಪುತ್ತೇನೆ. ಹೊರಗಾಳಿ 33 ಡಿಗ್ರಿ, ಕೆಜಿಗೆ 20 ಗ್ರಾಂ ತೇವ ಇದ್ದರೆ, 1,000 ಘನ ಮೀ./ಗಂಟೆಯನ್ನು 13 ಡಿಗ್ರಿಗೆ ಇಳಿಸಲು ಕಾಯಿಲ್‌ಗೆ 16 ಕಿಲೋವ್ಯಾಟ್ ಬೇಕು. ಈ ಕೋಣೆಯ 4,884ಕ್ಕೆ 78. ಕೋಣೆಯೊಳಗಿನ ಲೋಡ್ ಬರೀ 7.8.

ಆದರೆ 0.7ರಿಂದ ಸುಮ್ಮನೆ ಗುಣಿಸಬೇಡಿ. ಮುಚ್ಚಿದ 12 ಹುಡ್‌ಗಳೂ ಎಳೆಯುತ್ತವೆ, ಅದನ್ನು ನೀವು ಸೊನ್ನೆ ಮಾಡಿದ್ದೀರಿ. ಮುಚ್ಚಿದ ಹುಡ್‌ಗಳು ಬೇರೆ ಬೇರೆ ಕೋಣೆಗಳಲ್ಲಿ ಹಂಚಿದ್ದರೆ ಒಟ್ಟು 39,648. ಅವೇ 12 ಮೂರು ಕೋಣೆಗಳಲ್ಲಿ ಸೇರಿಕೊಂಡರೆ, ಆ ಕೋಣೆಗಳು ಕೂಲಿಂಗ್‌ಗಾಗಿ 2,420ರಷ್ಟನ್ನು ಹೊರಹಾಕಲೇಬೇಕು. ಆಗ ಒಟ್ಟು 43,500ರ ಮೇಲೆ, ಅಂದರೆ ಪೂರ್ತಿಯ 84%. 36,288ಕ್ಕೆ ಕೊಂಡ ಫ್ಯಾನ್ ಎರಡೂ ಸ್ಥಿತಿಯಲ್ಲಿ ಸಾಲದು.

ಫ್ಯಾನ್‌ರೂಮ್:
ಮುಚ್ಚಿದ ಹುಡ್‌ಗಳ ವಿಷಯ ತಪ್ಪಿತ್ತು, ಒಪ್ಪಿಕೊಂಡೆ. ಆದರೂ 100%ಗೆ ಫ್ಯಾನ್ ಹಾಕುವುದಕ್ಕೆ ನನ್ನ ವಿರೋಧ ಇದ್ದೇ ಇದೆ. ಕಮ್ಮಿ ಗಾಳಿಯಲ್ಲಿ ಸ್ಟ್ಯಾಕ್‌ನ ಹೊರವೇಗ ಬಿದ್ದು, ಹೊಗೆ ಮತ್ತೆ ಇನ್‌ಟೇಕ್ ಕಡೆ ಬರುತ್ತೆ.

ಹಳೇಬ್ಲೋವರ್:
ಅದಕ್ಕೆ ಎರಡು ಮೂರು ಫ್ಯಾನ್ ಜೋಡಿಸಿ, ಒಂದೊಂದಕ್ಕೂ ಪ್ರತ್ಯೇಕ ಸ್ಟ್ಯಾಕ್ ಕೊಟ್ಟು ಹಂತಹಂತವಾಗಿ ಓಡಿಸಬಹುದು. ನನ್ನ ಅಭ್ಯಾಸ: ಡಕ್ಟ್ ಮತ್ತು ಶಾಫ್ಟ್ 100%ಗೆ, ಫ್ಯಾನ್ ಒಪ್ಪಿದ ಡೈವರ್ಸಿಟಿಗೆ, ಇನ್ನೊಂದು ಫ್ಯಾನ್‌ಗೆ ಜಾಗ ಖಾಲಿ. ಫ್ಯಾನ್ ಆಮೇಲೆ ಸೇರಿಸಬಹುದು, ಗೋಡೆಯೊಳಗಿನ ಶಾಫ್ಟ್ ಅಗಲ ಮಾಡಲು ಆಗಲ್ಲ.

ಜೀವಕೋಶ:
70% ಅಂತ ಯಾರು ಹೇಳಿದರು? ನಮ್ಮಲ್ಲಿ ಕ್ಯಾಬಿನೆಟ್ ಕೆಲಸ ಮುಗಿದರೂ ಯಾರೂ ಮುಚ್ಚಲ್ಲ.

ಹೊಸಡಕ್ಟ್:
ಅದನ್ನೇ ಲ್ಯಾಬ್ ಬಳಸುವವರನ್ನು ಕೇಳಬೇಕು. ಸ್ಯಾಶ್ ತನ್ನಷ್ಟಕ್ಕೆ ಮುಚ್ಚುವ ಕ್ಲೋಸರ್ ಹಾಕುತ್ತೀರಾ ಅಂತಲೂ ಕೇಳುತ್ತೇನೆ. ಮೂರು ಬೇಡಿಕೆಗಳ ಕೋಷ್ಟಕ, ಜನರಲ್ ಎಕ್ಸಾಸ್ಟ್, 300ರ ವ್ಯತ್ಯಾಸ ಇವತ್ತೇ ಸೇರಿಸುತ್ತೇನೆ. ಫ್ಯಾನ್ ಸೈಜಿನ ಸಾಲನ್ನು ಅವರ ಉತ್ತರ ಬರುವವರೆಗೆ "ಬಾಕಿ" ಎಂದೇ ಬಿಡುತ್ತೇನೆ.