ಮೂರು ಗಂಟೆಯ ಪೇಪರ್‌ಗೆ ಕೈ ಪಳಗಿಸಿದ್ದು ಹೇಗೆ? ಅನುಭವ ಹೇಳಿ

ಯಾದಗಿರಿ ಹುಡುಗ: ಕೆಎಎಸ್ ಮುಖ್ಯ ಪರೀಕ್ಷೆಗೆ ಕನ್ನಡದಲ್ಲಿ ಬರೆಯುತ್ತೇನೆ. ಒಂದೂಕಾಲು ಗಂಟೆ ಆದ ಮೇಲೆ ಕೈ ಬಿಗಿಯುತ್ತದೆ, ಅಕ್ಷರ ಕೆಡುತ್ತದೆ. ದಿನಾ ಎಷ್ಟು ಬರೆಯಬೇಕು, ಹೇಗೆ ಏರಿಸಬೇಕು? ಮಾಡಿ ನೋಡಿದವರು ಹೇಳಿ.

ಸುರಪುರದವನು: ಪೆನ್ ಬದಲಿಸಿ, ಮುಗಿಯಿತು. ನಾನು ಬಾಲ್ ಪೆನ್ ಬಿಟ್ಟು ಜೆಲ್ ಹಿಡಿದ ವಾರದಲ್ಲೇ ಕೈ ಹಗುರಾಯಿತು. ಜೆಲ್‌ಗೆ ಒತ್ತುವುದೇ ಬೇಡ, ಸುಮ್ನೆ ತಾಕಿಸಿದರೆ ಬರೆಯುತ್ತದೆ. ನಮ್ಮ ಕನ್ನಡದ ದುಂಡಕ್ಷರಕ್ಕೆ ಹೇಳಿ ಮಾಡಿಸಿದ್ದು. ರೀಫಿಲ್ ಬೇಗ ಖಾಲಿಯಾಗುತ್ತದೆ, ಅದು ನಿಜ. ಎರಡು ಜಾಸ್ತಿ ಇಟ್ಟುಕೊಳ್ಳಿ. ಆಮೇಲೆ ದಿನಾ ಬೆಳಿಗ್ಗೆ ಪೇಪರ್‌ನ ಸಂಪಾದಕೀಯ ನೋಡಿಕೊಂಡು ಮೂರು ಗಂಟೆ ಬರೆಯಿರಿ. ಮೊದಲ ದಿನದಿಂದಲೇ ಮೂರು ಗಂಟೆ. ಕೈ ತಾನೇ ದಾರಿಗೆ ಬರುತ್ತದೆ.

ಸೇಡಂ ರಸ್ತೆ: ಮೊದಲ ದಿನದಿಂದಲೇ ಮೂರು ಗಂಟೆಯಾ? ದಯವಿಟ್ಟು ಆ ಮಾತು ಕೇಳಬೇಡ ತಮ್ಮಾ. ನನಗೂ ಹೀಗೇ ಹೇಳಿದ್ದರು. ಬೆಂಗಳೂರಿನ ಒಂದು ಕೋಚಿಂಗ್‌ನಲ್ಲಿ ಟೆಸ್ಟ್ ಸೀರೀಸ್ ಅಂತ ಹದಿನೆಂಟು ಸಾವಿರ ಕಟ್ಟಿಸಿಕೊಂಡರು. ರೂಮ್ ಬಾಡಿಗೆ, ಮೆಸ್ ಬೇರೆ. ದಿನಕ್ಕೊಂದು ಪೂರ್ತಿ ಪೇಪರ್ ಬರೆಸಿದರು. ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾದಾಗ 'ಅಭ್ಯಾಸ ಆಗುತ್ತೆ' ಅಂದರು. ಕೊನೆಗೆ ಲೋಟ ಹಿಡಿದು ಎತ್ತಲೂ ಆಗುತ್ತಿರಲಿಲ್ಲ. ಕಲಬುರಗಿಗೆ ವಾಪಸ್ ಬಂದೆ. ಡಾಕ್ಟರ್ ಫೀಸು ಐನೂರು, ಹೆಬ್ಬೆರಳಿಗೆ ಕಟ್ಟುವ ಪಟ್ಟಿ ಒಂಬೈನೂರು, ಫಿಸಿಯೋಥೆರಪಿ ದಿನಕ್ಕೆ ಮುನ್ನೂರು. ಅದಕ್ಕೂ ಬಗ್ಗದೆ ಬುಡಕ್ಕೆ ಇಂಜೆಕ್ಷನ್. ಆ ವರ್ಷದ ಪರೀಕ್ಷೆ ಹೋಯಿತು, ಕೋಚಿಂಗ್‌ನವರು ಒಂದು ಪೈಸೆ ವಾಪಸ್ ಕೊಡಲಿಲ್ಲ. ಪೆನ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರನ್ನು ಕಂಡರೆ ಈಗಲೂ ಸಿಟ್ಟು ಬರುತ್ತದೆ.

ಸುರಪುರದವನು: ನಿಮ್ಮ ಕೈ ನಾಜೂಕು ಅಂದರೆ ಎಲ್ಲರದೂ ಹಾಗೇ ಇರಬೇಕಾ? ನಾನು ಹೊಲದಲ್ಲಿ ತೊಗರಿ ಕೊಯ್ದು ಬಂದು ಬರೆದವನು.

ಸೇಡಂ ರಸ್ತೆ: ಕುಡುಗೋಲು ಹಿಡಿಯುವುದು ಇಡೀ ಮುಷ್ಟಿಯಿಂದ. ಪೆನ್ ಹಿಡಿಯುವುದು ಮೂರು ಬೆರಳಿನಿಂದ. ನಮ್ಮಪ್ಪನೂ ರೈತನೇ, ನನಗೆ ಹೊಲದ ಪಾಠ ಹೇಳಬೇಡಿ.

ಹುಮನಾಬಾದ್ ಅಕ್ಕ: ಇಬ್ಬರೂ ಸ್ವಲ್ಪ ತಡೀರಿ. ನಾನು ಕನ್ನಡದಲ್ಲೇ ಬರೆದು ಪಾಸಾದವಳು. ಕೈ ವಿಷಯದಲ್ಲಿ ನನಗೆ ಕೆಲಸಕ್ಕೆ ಬಂದದ್ದು ಗಂಟೆಗಳ ಲೆಕ್ಕ ಅಲ್ಲ, ಸಾಲುಗಳ ಲೆಕ್ಕ.

ಟೈಮರ್ ಇಟ್ಟುಕೊಂಡು ಬರೆಯಿರಿ. ಪ್ರತಿ ಕಾಲು ಗಂಟೆಗೆ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಆಮೇಲೆ ಗೆರೆಗೆರೆ ನಡುವೆ ಎಷ್ಟು ಸಾಲು ಅಂತ ಎಣಿಸಿ. ಶುರುವಿನಲ್ಲಿ ನನ್ನದು ಮೊದಲ ಕಾಲು ಗಂಟೆಗೆ ನಲವತ್ತು ಸಾಲು ಇರುತ್ತಿತ್ತು. ಒಂದು ಗಂಟೆಯ ತನಕ ಮೂವತ್ತೇಳು, ಮೂವತ್ತೆಂಟು. ಅದರ ಮುಂದಿನ ಕಾಲು ಗಂಟೆಗೆ ಒಮ್ಮೆಲೇ ಇಪ್ಪತ್ತೊಂಬತ್ತು. ಅಂದರೆ ನನ್ನ ಕೈ ತಡೆಯುತ್ತಿದ್ದುದು ಒಂದು ಗಂಟೆ ಮಾತ್ರ. ಅದಕ್ಕೇ ನಾನು ಶುರು ಮಾಡಿದ್ದು ಐವತ್ತು ನಿಮಿಷದಿಂದ, ಮೂರು ಗಂಟೆಯಿಂದ ಅಲ್ಲ. ಕೊನೆಯ ಕಾಲು ಗಂಟೆ ಮೊದಲಿನದಕ್ಕಿಂತ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿಯಬಾರದು. ಸತತ ಮೂರು ದಿನ ಹಾಗೆ ನಿಂತರೆ ಹತ್ತು ನಿಮಿಷ ಏರಿಸುತ್ತಿದ್ದೆ. ಇಳಿದರೆ ಏರಿಸುತ್ತಿರಲಿಲ್ಲ. ವಾರಕ್ಕೊಂದು ದಿನ ಪೆನ್ ಮುಟ್ಟುತ್ತಿರಲಿಲ್ಲ. ಎರಡು ಗಂಟೆ ದಾಟಿದ ಮೇಲೆ ಉದ್ದದ ಬರವಣಿಗೆ ದಿನ ಬಿಟ್ಟು ದಿನ, ಪೂರ್ತಿ ಮೂರು ಗಂಟೆ ವಾರಕ್ಕೆ ಒಂದೇ ಸಲ.

ಇನ್ನೊಂದು ಮಾತು. ನೋಡಿ ಬರೆಯುವುದು ಬೇರೆ, ಯೋಚಿಸಿ ಬರೆಯುವುದು ಬೇರೆ. ಸಾಲು ಇಳಿದ ದಿನ ತಕ್ಷಣ ಐದು ನಿಮಿಷ ಏನಾದರೂ ನೋಡಿಕೊಂಡು ಬರೆಯಿರಿ. ಆಗ ವೇಗ ಮೊದಲಿನಷ್ಟೇ ಬಂದರೆ ಕೈ ದಣಿದಿಲ್ಲ, ಉತ್ತರ ಹೊಳೆಯುತ್ತಿಲ್ಲ ಅಂತ ಅರ್ಥ. ಅದಕ್ಕೆ ಓದಬೇಕು. ನೋಡಿ ಬರೆದಾಗಲೂ ನಿಧಾನವಾದರೆ ಮಾತ್ರ ಅದು ಕೈಯದು.

ಬೀದರ್ ತಾಯಿ: ನನ್ನ ಮಗ ಎಸ್ಸೆಸ್ಸೆಲ್ಸಿ. ಅಕ್ಷರ ಕಾಗೆ ಗುಬ್ಬಿ. ಕಾಪಿ ಬರೆಸುವ ಕ್ಲಾಸಿಗೆ ಹಾಕಿದೆ, ಎರಡು ಸಾವಿರ ತೆಗೆದುಕೊಂಡರು. ಈಗ ಅಕ್ಷರ ಮುತ್ತಿನಂತೆ ಬರುತ್ತದೆ, ಆದರೆ ಕಿರುಪರೀಕ್ಷೆಯಲ್ಲಿ ಎರಡು ಪ್ರಶ್ನೆ ಬಿಟ್ಟು ಬಂದಿದ್ದಾನೆ. ನೀವೂ ಮೊದಲು ಅಕ್ಷರ ದುಂಡಗೆ ಮಾಡಿಕೊಳ್ಳಿ.

ಹುಮನಾಬಾದ್ ಅಕ್ಕ: ಅಮ್ಮಾ, ಅವನಿಗೆ ಚಂದದ ಅಕ್ಷರ ಕಲಿಸಿದ್ದಾರೆ, ಬೇಗ ಬರೆಯುವುದನ್ನಲ್ಲ. ಒಂದೊಂದೇ ಅಕ್ಷರ ಚಿತ್ರಿಸುತ್ತಿರಬಹುದು. ಕನ್ನಡದಲ್ಲಿ ತಲೆಕಟ್ಟು, ಒತ್ತು ಅಂತ ಪೆನ್ ಎತ್ತುವುದೇ ಜಾಸ್ತಿ ಅಲ್ವಾ? ಓದಲು ಬಂದರೆ ಸಾಕು. ದಣಿದ ಕೈ ಮೊದಲು ಕೆಡಿಸುವುದು ಒತ್ತಕ್ಷರ ಮತ್ತು ದೀರ್ಘ. ಒತ್ತು ಕೆಳಗಿನ ಸಾಲಿಗೆ ಬಡಿಯುತ್ತದೆ, 'ವ' ಯಾವುದು 'ಮ' ಯಾವುದು ತಿಳಿಯುವುದಿಲ್ಲ. ನಾನು ಕೊನೆಯ ಪುಟವನ್ನು ತಂಗಿಗೆ ಕೊಟ್ಟು ಜೋರಾಗಿ ಓದಿಸುತ್ತಿದ್ದೆ. ಅವಳು ತಡವರಿಸಿದ ಕಡೆಯೆಲ್ಲ ಗುರುತು ಹಾಕುತ್ತಿದ್ದೆ.

ಶಹಾಪುರ ಮೇಷ್ಟ್ರು: ನಾನು ಯುಪಿಎಸ್ಸಿ ಮುಖ್ಯ ಪರೀಕ್ಷೆ ಕನ್ನಡದಲ್ಲಿ ಬರೆದವನು. ಸಾಮಾನ್ಯ ಅಧ್ಯಯನದ ಒಂದು ಪೇಪರ್‌ಗೆ 20 ಪ್ರಶ್ನೆ. ಹತ್ತು ಅಂಕದ್ದಕ್ಕೆ 150 ಪದ, ಹದಿನೈದರದ್ದಕ್ಕೆ 250 ಪದ. ಹತ್ತಕ್ಕೆ ಏಳು ನಿಮಿಷ, ಹದಿನೈದಕ್ಕೆ ಹನ್ನೊಂದು ನಿಮಿಷ ಹಿಡಿದರೆ 180 ನಿಮಿಷ ಸರಿಯಾಗಿ ತೀರುತ್ತದೆ, ಒಂದು ನಿಮಿಷವೂ ಉಳಿಯುವುದಿಲ್ಲ. ಕನ್ನಡದ ಪದ ಉದ್ದ. ಹನ್ನೊಂದು ನಿಮಿಷದಲ್ಲಿ ನನ್ನಿಂದ 160 ಪದ ದಾಟಲಿಲ್ಲ. ಇಂಗ್ಲಿಷ್‌ನವರು ಆರಾಮಾಗಿ ತುಂಬಿಸುತ್ತಾರೆ. ಇದು ಅನ್ಯಾಯ, ಎಷ್ಟು ಅಭ್ಯಾಸ ಮಾಡಿದರೂ ಈ ಅಂತರ ಮುಚ್ಚುವುದಿಲ್ಲ.

ಸುರಪುರದವನು: ಹಾಗಾದರೆ ಇಂಗ್ಲಿಷ್‌ನಲ್ಲಿ ಬರೆಯಬೇಕಿತ್ತು. ಕನ್ನಡಕ್ಕೆ ಯಾಕೆ ಬೈಯುತ್ತೀರಿ?

ಶಹಾಪುರ ಮೇಷ್ಟ್ರು: ಕನ್ನಡಕ್ಕೆ ಬೈದಿಲ್ಲ. ಪದದ ಮಿತಿ ಇಟ್ಟ ರೀತಿಗೆ ಬೈದೆ. ಸರಿಯಾಗಿ ಓದಿ ಮಾತಾಡಿ. ನಮ್ಮ ಕಡೆಯ ಹುಡುಗರು ಹಳ್ಳಿ ಶಾಲೆಯಲ್ಲಿ ಓದಿ ಬಂದವರು, ಅವರಿಗೆ ಇಂಗ್ಲಿಷ್ ಎಲ್ಲಿಂದ ತರಬೇಕು?

ಹುಮನಾಬಾದ್ ಅಕ್ಕ: ಮೇಷ್ಟ್ರೇ, 160 ಪದದಲ್ಲಿ ಕೇಳಿದ್ದಕ್ಕೆ ಪೂರ್ತಿ ಉತ್ತರ ಬಂದರೆ ಅಷ್ಟೇ ಸಾಕು ಅಂತ ನನ್ನ ಅನಿಸಿಕೆ. ನನ್ನ ಉತ್ತರಗಳು ಅದಕ್ಕಿಂತ ಉದ್ದ ಇರಲಿಲ್ಲ.

ಶಹಾಪುರ ಮೇಷ್ಟ್ರು: ನಿಮಗೆ ಸಿಕ್ಕಿತು, ಹಾಗಾಗಿ ಹೇಳುತ್ತೀರಿ. ನನಗೆ ಸಿಗಲಿಲ್ಲ. ನಾನು ಒಪ್ಪುವುದಿಲ್ಲ.

ಸೇಡಂ ರಸ್ತೆ: ತಮ್ಮಾ, ನೋವಿನ ವಿಷಯ ಇನ್ನೊಂದು ಸಲ ಹೇಳುತ್ತೇನೆ. ಮುಂಗೈ ಸ್ನಾಯು ದಣಿದು ಬಿಗಿದರೆ ಪೆನ್ ಕೆಳಗಿಟ್ಟ ಮೇಲೆ ಸಡಿಲವಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಇಲ್ಲವೇ ಹೆಬ್ಬೆರಳ ಬುಡದ ನೋವು ಮರುದಿನವೂ ಇದ್ದರೆ, ಬರೆಯುವುದು ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗು. ಎಷ್ಟು ಒತ್ತುತ್ತೀಯ ಅಂತ ನೋಡಲು ಹಾಳೆ ತಿರುಗಿಸಿ ಹಿಂದೆ ಬೆರಳು ಆಡಿಸು. ಉಬ್ಬು ಚೆನ್ನಾಗಿ ತಾಕಿದರೆ ಒತ್ತು ಜಾಸ್ತಿ.

ಸುರಪುರದವನು: ಅದನ್ನೇ ನಾನು ಹೇಳಿದ್ದು, ಜೆಲ್ ಹಿಡಿದರೆ ಉಬ್ಬು ಬರುವುದಿಲ್ಲ!

ಸೇಡಂ ರಸ್ತೆ: ಅಷ್ಟು ಮಟ್ಟಿಗೆ ಸರಿ. ಆದರೆ ನಮ್ಮ ಬಿಸಿಲಿನಲ್ಲಿ ಅಂಗೈ ಬೆವರಿಗೆ ಜೆಲ್ ಅಕ್ಷರ ಒರೆಸಿ ಹೋಗುತ್ತದೆ. ಕೈ ಕೆಳಗೆ ಕರ್ಚೀಫ್ ಇಡದೆ ಒಂದು ಪುಟವೂ ಉಳಿಯಲಿಲ್ಲ.

ಯಾದಗಿರಿ ಹುಡುಗ: ಅಕ್ಕ ಹೇಳಿದಂತೆ ಇವತ್ತು ಎಣಿಸಿದೆ. ಮೂವತ್ತಾರು, ಮೂವತ್ತೈದು, ಮೂವತ್ತೈದು, ಮೂವತ್ತಮೂರು, ಇಪ್ಪತ್ತೇಳು. ಐದನೆಯದರಲ್ಲಿ ಸಾಲುಗಳು ಕೆಳಗೆ ಓಡಿವೆ. ಆಮೇಲೆ ಐದು ನಿಮಿಷ ನೋಡಿ ಬರೆದಾಗ ಹತ್ತೇ ಸಾಲು ಬಂತು.

ಹುಮನಾಬಾದ್ ಅಕ್ಕ: ಹಾಗಾದರೆ ಅದು ಕೈಯದೇ. ಒಂದು ಗಂಟೆ ಸಲೀಸಾಗಿ ಬಂದಿದೆ. ನಾಳೆ ಐವತ್ತು ನಿಮಿಷಕ್ಕೆ ನಿಲ್ಲಿಸು, ಇನ್ನೂ ಬರೆಯಬಹುದು ಅನ್ನಿಸಿದರೂ. ಮೊಣಕೈ ಮೇಜಿನ ಮೇಲೆ ಪೂರ್ತಿ ಇರಲಿ, ಗಾಳಿಯಲ್ಲಿ ತೂಗಾಡಬಾರದು. ಮೇಜು ಎಷ್ಟು ಎತ್ತರ ಇದೆ ಹೇಳು.

ಯಾದಗಿರಿ ಹುಡುಗ: ಮೇಜು ಇಲ್ಲ ಅಕ್ಕಾ. ನೆಲದ ಮೇಲೆ ಕೂತು ತೊಡೆ ಮೇಲೆ ಪ್ಯಾಡ್ ಇಟ್ಟು ಬರೆಯುತ್ತೇನೆ.

ಹುಮನಾಬಾದ್ ಅಕ್ಕ: ಮೊದಲು ಅದು ಬದಲಾಗಲಿ. ಲೈಬ್ರರಿಗೆ ಹೋಗಿ ಮೇಜಿನ ಮೇಲೆ ಬರೆದು ಮತ್ತೆ ಎಣಿಸು. ಇವತ್ತಿನ ಲೆಕ್ಕವನ್ನು ಹಿಡಿಯಬೇಡ.